ಇನ್ಸುಲಿನ್: ಚುಚ್ಚುವ ಜಾಗ, ಬೇಸಿಗೆಯ ಬಾಟಲಿ, ತಪ್ಪಿದ ಊಟ (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಂಗಳೂರಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಶುಗರ್ ಇರುವವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಹೇಳಿಕೊಡುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ದಿನಕ್ಕೆ ಎರಡು ಸಲ, ಬಾಟಲಿ ಮತ್ತು ಸಿರಿಂಜ್‌ನಿಂದ, 30/70 ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರು, ಅಂದರೆ ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು ಬೆರೆತದ್ದು. ಕೆಳಗಿನ ಉತ್ತರಗಳು ಮುಖ್ಯವಾಗಿ ಅವರಿಗಾಗಿ. ಬೇರೆ ಇನ್ಸುಲಿನ್ ಬಳಸುವವರಿಗೆ ಎಲ್ಲಿ ಬೇರೆಯೋ ಅಲ್ಲಿ ಹೇಳಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಚುಚ್ಚುವ ಜಾಗ

"ಸಿಸ್ಟರ್, ಒಂದೇ ಜಾಗಕ್ಕೆ ಚುಚ್ಕೊಂಡ್ರೆ ನೋವೇ ಇರಲ್ಲ. ಸುಮ್ನೆ ಯಾಕೆ ಜಾಗ ಬದಲಾಯಿಸ್ಬೇಕು?"

ನೋವಿಲ್ಲ ಎನ್ನುವುದೇ ಅಲ್ಲಿ ಏನೋ ಆಗಿದೆ ಎನ್ನುವುದರ ಗುರುತು. ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದಷ್ಟೇ ಅಲ್ಲ, ಕೊಬ್ಬಿನ ಕೋಶಗಳನ್ನು ಬೆಳೆಸುತ್ತದೆ ಕೂಡ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಬಿದ್ದರೆ ಅಲ್ಲಿನ ಕೊಬ್ಬು ದಪ್ಪಗಾಗಿ, ರಬ್ಬರಿನ ಹಾಗೆ ಗಂಟು ಕಟ್ಟುತ್ತದೆ. ಆ ಗಂಟಿನಲ್ಲಿ ನೋವು ಕಡಿಮೆ, ಹಾಗಾಗಿ ಕೈ ತಾನೇ ತಾನಾಗಿ ಅಲ್ಲಿಗೇ ಹೋಗುತ್ತದೆ.

ತೊಂದರೆ ಏನೆಂದರೆ ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಸೇರುವುದು ನಿಧಾನ, ಅದೂ ಒಂದು ದಿನದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಇವತ್ತು 20 ಯೂನಿಟ್‌ನಲ್ಲಿ ಅರ್ಧ ಕೆಲಸವೂ ಆಗಲಿಲ್ಲ ಅನ್ನಿಸಬಹುದು, ನಾಳೆ ಅದೇ 20 ಯೂನಿಟ್ ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಮಾಡಿ ಶುಗರ್ ಬೀಳಿಸಬಹುದು. ಊಟ ಅದೇ, ಡೋಸ್ ಅದೇ, ಆದರೂ ಮೀಟರ್‌ನಲ್ಲಿ ಒಂದು ದಿನ 260, ಇನ್ನೊಂದು ದಿನ 65 ಬಂದರೆ ನಾನು ಮೊದಲು ಕೇಳುವುದು ಊಟದ ವಿಷಯವಲ್ಲ, "ಹೊಟ್ಟೆ ತೋರಿಸಿ" ಅಂತ.

"ಹೊಟ್ಟೆ, ತೊಡೆ, ತೋಳು ಅಂತೀರಿ. ಯಾವತ್ತು ಎಲ್ಲಿ ಅಂತ ನೆನಪಿಟ್ಕೊಳ್ಳೋದು ಹೇಗೆ?"

ಪ್ರತಿ ಸಲ ಹೊಟ್ಟೆಯಿಂದ ತೊಡೆಗೆ, ತೊಡೆಯಿಂದ ತೋಳಿಗೆ ಹಾರಬೇಡಿ. ಹೊಟ್ಟೆಯಲ್ಲಿ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತದೆ, ತೊಡೆ ಮತ್ತು ಪೃಷ್ಠದಲ್ಲಿ ನಿಧಾನ. ಹಾರುತ್ತಿದ್ದರೆ ನೀವೇ ಏರಿಳಿತ ಮಾಡಿಕೊಂಡ ಹಾಗಾಗುತ್ತದೆ. ಹೊತ್ತಿಗೊಂದು ಭಾಗ ಗೊತ್ತು ಮಾಡಿಕೊಳ್ಳಿ: ಬೆಳಗಿನದು ಯಾವಾಗಲೂ ಹೊಟ್ಟೆಗೆ, ರಾತ್ರಿಯದು ಯಾವಾಗಲೂ ತೊಡೆಗೆ. ಜಾಗ ಬದಲಾಗಬೇಕಾದ್ದು ಆ ಭಾಗದ ಒಳಗೆ.

ಹೊಕ್ಕುಳನ್ನು ನಡುವೆ ಇಟ್ಟು ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ. ಹೊಕ್ಕುಳ ಸುತ್ತ ಎರಡು ಬೆರಳಿನಷ್ಟು ಜಾಗ ಬಿಡಿ. ಮೊದಲ ವಾರ ಬಲ ಮೇಲ್ಗಡೆ, ಎರಡನೇ ವಾರ ಬಲ ಕೆಳಗಡೆ, ಆಮೇಲೆ ಎಡ ಕೆಳಗಡೆ, ಕೊನೆಗೆ ಎಡ ಮೇಲ್ಗಡೆ. ಒಂದು ಪಾಲಿನೊಳಗೆ ಒಂದು ಚುಚ್ಚಿಗೂ ಇನ್ನೊಂದಕ್ಕೂ ಒಂದು ಬೆರಳಿನಷ್ಟು ಅಂತರ ಇರಲಿ. ತೊಡೆಯಲ್ಲಿ ಮುಂಭಾಗದ ಹೊರಮಗ್ಗುಲು, ಒಂದು ವಾರ ಬಲ, ಒಂದು ವಾರ ಎಡ. ಒಳತೊಡೆ ಬೇಡ.

ನೆನಪಿಗೆ ಕ್ಯಾಲೆಂಡರ್ ಸಾಕು. ನಮ್ಮಲ್ಲಿಗೆ ಬರುವ ಒಬ್ಬ ಅಜ್ಜಿ ಗೋಡೆಯ ಪಂಚಾಂಗದಲ್ಲಿ ಸೋಮವಾರದ ಮನೆಯಲ್ಲಿ ಒಂದು ಚೌಕ ಬರೆದು, ಆ ವಾರದ ಮೂಲೆಗೆ ಕುಂಕುಮದ ಚುಕ್ಕೆ ಇಡುತ್ತಾರೆ. ಓದು ಬರಹ ಬರುವುದಿಲ್ಲ, ಆದರೂ ಮೂರು ವರ್ಷದಲ್ಲಿ ಅವರಿಗೆ ಒಂದು ಗಂಟೂ ಆಗಿಲ್ಲ.

"ಗಂಟು ಇದೆಯೋ ಇಲ್ವೋ ನನಗೇ ಹೇಗೆ ಗೊತ್ತಾಗುತ್ತೆ?"

ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತದೆ. ಸ್ನಾನ ಮಾಡುವಾಗ ಹೊಟ್ಟೆಗೆ ಸೋಪು ಹಚ್ಚಿ, ಬೆರಳ ತುದಿಗಳನ್ನು ಸ್ವಲ್ಪ ಒತ್ತಿ ನಿಧಾನವಾಗಿ ಜಾರಿಸಿ. ಒಳ್ಳೆಯ ಚರ್ಮ ಮೆತ್ತಗೆ ಒಂದೇ ಸಮನಾಗಿರುತ್ತದೆ. ಗಂಟು ಬಂದ ಕಡೆ ಬೆರಳು ತಡೆದು ನಿಲ್ಲುತ್ತದೆ. ಎರಡು ಬೆರಳಲ್ಲಿ ಹಿಡಿದರೆ ಬೇರೆ ಕಡೆ ಚರ್ಮ ತೆಳ್ಳಗೆ ಮಡಚಿಕೊಳ್ಳುತ್ತದೆ, ಗಂಟಿನ ಮೇಲೆ ಮಡಚುವುದಿಲ್ಲ. ತಿಂಗಳಿಗೊಮ್ಮೆ ಸಾಕು. ಸಿಕ್ಕ ಗಂಟಿನ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು ಹಾಗೇ ಕ್ಲಿನಿಕ್‌ಗೆ ಬನ್ನಿ, ಅಳೆದು ಬರೆದಿಟ್ಟುಕೊಳ್ಳುತ್ತೇವೆ.

ಆದರೆ ಗಂಟು ಕಂಡ ತಕ್ಷಣ ಅದೇ ಡೋಸನ್ನು ಹೊಸ ಜಾಗಕ್ಕೆ ಹಾಕಿಕೊಳ್ಳಬೇಡಿ. ಏಕೆಂದು ಕೊನೆಯ ಪ್ರಶ್ನೆಯಲ್ಲಿದೆ.

"ಒಂದು ಸೂಜಿ ಎಷ್ಟು ದಿನ ಬರುತ್ತೆ?"

ಒಂದು ಸಲ. ಪುಸ್ತಕದ ಉತ್ತರ ಅದೇ, ಸರಿಯೂ ಹೌದು. ದುಡ್ಡಿನ ಕಾರಣಕ್ಕೆ ಜನ ಮತ್ತೆ ಬಳಸುತ್ತಾರೆ ಅನ್ನುವುದೂ ನನಗೆ ಗೊತ್ತು. ಮೊಂಡಾದ ಸೂಜಿ ಚರ್ಮವನ್ನು ಹರಿಯುತ್ತದೆ, ಗಂಟಿಗೂ ಅದು ದಾರಿ. ಎಂಟು ದಿನ ಒಂದೇ ಸೂಜಿ ಎಳೆಯುವವರನ್ನು ನಾನು ಬೈಯುವುದಿಲ್ಲ, ಮೊದಲು ಎರಡು ದಿನಕ್ಕೆ ಇಳಿಸಿ ಎನ್ನುತ್ತೇನೆ. ಆದರೆ ಒಬ್ಬರ ಸೂಜಿ ಇನ್ನೊಬ್ಬರಿಗೆ, ಗಂಡ ಹೆಂಡತಿಯಾದರೂ, ಎಂದಿಗೂ ಬೇಡ.

"ಬಾಟಲಿ ಬದಲಾಯ್ತು, ಸಿರಿಂಜ್ ಹಳೇದೇ ಇದೆ. ನಡೆಯುತ್ತಾ?"

ಬಾಟಲಿ ಮೇಲಿನ ಅಂಕಿ ಒಂದು ಎಂಎಲ್‌ನಲ್ಲಿ ಎಷ್ಟು ಯೂನಿಟ್ ಎಂದು ಹೇಳುತ್ತದೆ. 40 ಅಂತ ಇದ್ದರೆ ಕೆಂಪು ಮುಚ್ಚಳದ 40ರ ಸಿರಿಂಜ್, 100 ಅಂತ ಇದ್ದರೆ ಕಿತ್ತಳೆ ಮುಚ್ಚಳದ 100ರ ಸಿರಿಂಜ್. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಪೆನ್ ಕಾರ್ಟ್ರಿಡ್ಜ್‌ನಿಂದ ಸಿರಿಂಜ್‌ಗೆ ಎಳೆಯುವವರು ಬೀಳುವುದು ಇದೇ ಗುಂಡಿಗೆ, ಅದರಲ್ಲಿರುವುದು 100ರ ಇನ್ಸುಲಿನ್.

## ಫ್ರಿಜ್ ಇಲ್ಲದ ಮನೆ, ಬೇಸಿಗೆ

"ಶೀಟಿನ ಮನೆ, ಫ್ರಿಜ್ ಇಲ್ಲ. ಏಪ್ರಿಲ್‌ನಲ್ಲಿ ಇನ್ಸುಲಿನ್ ಎಲ್ಲಿಡ್ಲಿ?"

ಮೊದಲು ಒಂದು ಲೆಕ್ಕ. ಬಳಸುತ್ತಿರುವ ಬಾಟಲಿಗೆ ಫ್ರಿಜ್ ಬೇಕೇ ಬೇಕೆಂದಿಲ್ಲ. ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಒಳಗಿದ್ದರೆ ನಾಲ್ಕು ವಾರ ಇರುತ್ತದೆ, ನಿಮ್ಮ ಬಾಟಲಿಯ ಚೀಟಿಯಲ್ಲಿ ನೋಡಿಕೊಳ್ಳಿ. 40ರ ಬಾಟಲಿಯಲ್ಲಿ 10 ಎಂಎಲ್, ಅಂದರೆ 400 ಯೂನಿಟ್. ದಿನಕ್ಕೆ 38 ಯೂನಿಟ್ ತೆಗೆದುಕೊಳ್ಳುವವರಿಗೆ ಅದು ಹತ್ತು ದಿನಕ್ಕೇ ಮುಗಿಯುತ್ತದೆ. ನಾಲ್ಕು ವಾರದ ಚಿಂತೆ ಇರುವುದು ದಿನಕ್ಕೆ ಹತ್ತು ಹನ್ನೆರಡು ಯೂನಿಟ್ ತೆಗೆದುಕೊಳ್ಳುವವರಿಗೆ. ಅಂಥವರು ಬಾಟಲಿ ತೆರೆದ ದಿನ ಬರೆದಿಟ್ಟು, 28 ದಿನ ದಾಟಿದ ಮೇಲೆ ಉಳಿದಿದ್ದರೂ ಬಿಸಾಡಬೇಕು. ಉಳಿದವರು ಯೋಚಿಸಬೇಕಾದದ್ದು ಎರಡೇ: 30 ಡಿಗ್ರಿ ಮೀರುವ ಮಧ್ಯಾಹ್ನ ಮತ್ತು ತೆರೆಯದ ಬಾಟಲಿ.

ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಹಾಗಾಗಿ ಒಟ್ಟಿಗೆ ಮೂರು ತರಬೇಡಿ. ಒಂದೊಂದೇ ತನ್ನಿ, ಇಲ್ಲವೇ ಫ್ರಿಜ್ ಇರುವ ಪಕ್ಕದ ಮನೆಯಲ್ಲಿ ಒಂದು ಡಬ್ಬಿಯಲ್ಲಿ ಹೆಸರು ಬರೆದಿಡಿ.

ಮಧ್ಯಾಹ್ನಕ್ಕೆ ಮಡಕೆ. ಪಾಟರಿ ಟೌನ್ ಕಡೆ ಸಿಗುವ ಬಣ್ಣ ಬಳಿಯದ ಮಣ್ಣಿನ ಮಡಕೆ ಒಂದು ದೊಡ್ಡದು, ಅದರೊಳಗೆ ಕೂರುವಂಥ ಸಣ್ಣದು ಒಂದು. ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು, ಅಲ್ಲಿ ಮರಳು ತುಂಬಿ. ಮರಳು ಒದ್ದೆಯಾಗುವಷ್ಟು ನೀರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬಾಟಲಿಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಬಾಯಿ ಕಟ್ಟಿ, ಸಣ್ಣ ಮಡಕೆಯಲ್ಲಿ ನೆಟ್ಟಗೆ ನಿಲ್ಲಿಸಿ. ಒಳಗಿನ ಮಡಕೆಯಲ್ಲಿ ನೀರು ಇರಬಾರದು. ಮೇಲೆ ಒದ್ದೆ ಬಟ್ಟೆ ಮುಚ್ಚಿ.

ತಣ್ಣಗಾಗುವುದು ನೀರು ಆರುವುದರಿಂದ. ಆದ್ದರಿಂದ ಮಡಕೆಗೆ ಗಾಳಿ ತಾಗಬೇಕು, ಬಿಸಿಲು ತಾಗಬಾರದು. ಎಷ್ಟೋ ಜನ ಅದನ್ನು ಜೋಪಾನ ಮಾಡಲು ಹೋಗಿ ಬೀರುವಿನೊಳಗೆ ಇಟ್ಟುಬಿಡುತ್ತಾರೆ, ಅಲ್ಲಿ ಅದು ಬರೀ ಮಡಕೆ. ಒಂದು ಏಪ್ರಿಲ್ ಮಧ್ಯಾಹ್ನ ನಮ್ಮ ಕ್ಲಿನಿಕ್ ಮೇಲಿನ ಶೀಟಿನ ಕೋಣೆಯಲ್ಲಿ 36 ಡಿಗ್ರಿ ಇದ್ದಾಗ ಕಿಟಕಿ ಪಕ್ಕದ ಮಡಕೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆವು, 26 ಇತ್ತು. ಬೆಂಗಳೂರಿನ ಬೇಸಿಗೆ ಒಣಹವೆಯದು, ನೀರು ಚೆನ್ನಾಗಿ ಆರುತ್ತದೆ. ಬೇಸಿಗೆಯಲ್ಲಿ ಮಂಗಳೂರಿಗೆ ಹೋದಾಗ ಇದೇ ಮಡಕೆಯನ್ನು ನಂಬಬೇಡಿ. ಅಲ್ಲಿ ಬೆವರೇ ಆರುವುದಿಲ್ಲ, ಮಡಕೆಯ ನೀರು ಎಲ್ಲಿ ಆರೀತು!

"ಬಿಸಿಲಿಗೆ ಕೆಟ್ಟಿದ್ಯಾ ಇಲ್ವಾ ಅಂತ ನೋಡಿದ್ರೆ ಗೊತ್ತಾಗುತ್ತಾ?"

ಕೆಲವೊಮ್ಮೆ. 30/70 ಇನ್ಸುಲಿನ್ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಇಟ್ಟರೆ ತಳಕ್ಕೆ ಕೂರುತ್ತದೆ. ಎರಡು ಅಂಗೈ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ತಲೆಕೆಳಗು ಮಾಡಿ, ಕುಲುಕಬೇಡಿ. ಒಂದೇ ಸಮ ಬೆಳ್ಳಗಾದರೆ ಸರಿ. ಒಡೆದ ಹಾಲಿನ ಹಾಗೆ ಚೂರು ತೇಲಿದರೆ, ಅಥವಾ ಗಾಜಿನ ಒಳಗೋಡೆಗೆ ಮಂಜು ಹಿಡಿದ ಹಾಗೆ ಬಿಳಿ ಅಂಟಿದರೆ ಕೆಟ್ಟಿದೆ. ನೀರಿನಂತಿರುವ ಇನ್ಸುಲಿನ್ ಬಳಸುವವರಿಗೆ ಲೆಕ್ಕ ಉಲ್ಟಾ: ಸ್ವಲ್ಪ ಮಸುಕಾದರೂ ಬೇಡ.

ಆದರೆ ಬಿಸಿಗೆ ಬಲ ಕಳೆದುಕೊಂಡ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇರಬಹುದು. ಅದನ್ನು ತೋರಿಸುವುದು ಮೀಟರ್ ಮಾತ್ರ. ಆಟೋ ಡ್ಯಾಶ್‌ಬೋರ್ಡ್‌ನಲ್ಲೋ, ನಿಲ್ಲಿಸಿದ ಕಾರಿನಲ್ಲೋ, ಸ್ಕೂಟರ್ ಡಿಕ್ಕಿಯಲ್ಲೋ ಬಾಟಲಿ ಉಳಿದಿತ್ತು, ಆಮೇಲೆ ಎರಡು ಮೂರು ದಿನ ಕಾರಣವಿಲ್ಲದೆ ಶುಗರ್ ಏರಿತು ಅಂದರೆ ಡೋಸ್ ಏರಿಸಬೇಡಿ, ಬಾಟಲಿ ಬದಲಿಸಿ. ಕೆಟ್ಟ ಬಾಟಲಿಗೆ ಏರಿಸಿಕೊಂಡ ಡೋಸನ್ನು ಹೊಸ ಬಾಟಲಿಯಿಂದ ಹಾಕಿಕೊಂಡರೆ ಶುಗರ್ ಸೀದಾ ಕೆಳಕ್ಕೆ ಹೋಗುತ್ತದೆ.

"ರಾಯಚೂರಿಗೆ ಬಸ್ಸಲ್ಲಿ ಹೋಗ್ತೀವಿ. ಐಸ್ ಡಬ್ಬೀಲಿ ಹಾಕ್ಕೊಂಡು ಹೋಗ್ಲಾ?"

ಐಸ್‌ಗೆ ನೇರ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬಾಟಲಿಯನ್ನು ಕವರ್‌ನಲ್ಲಿ ಕಟ್ಟಿ, ಒದ್ದೆ ಟವೆಲ್ ಸುತ್ತಿ, ನಿಮ್ಮ ಜೊತೆಯ ಚೀಲದಲ್ಲಿಡಿ. ಬಸ್ಸಿನ ಡಿಕ್ಕಿಗೆ ಹಾಕಬೇಡಿ. ಫ್ರಿಜ್ ಇರುವವರಿಗೂ ಇದೇ ಮಾತು: ಫ್ರೀಜರ್ ಕೆಳಗೆ, ಹಿಂಗೋಡೆಗೆ ತಾಗಿಸಿ ಇಡಬೇಡಿ. ಬಿಸಿಲಿಗೆ ಕೆಟ್ಟ ಬಾಟಲಿಗಳಷ್ಟೇ ಫ್ರೀಜರ್‌ಗೆ ಕೆಟ್ಟವನ್ನೂ ನಾನು ನೋಡಿದ್ದೇನೆ.

## ಊಟ ತಪ್ಪಿದಾಗ

"ಇಂಜೆಕ್ಷನ್ ತಗೊಂಡಾಯ್ತು. ಆಮೇಲೆ ಊಟ ಮಾಡೋಕೇ ಆಗ್ಲಿಲ್ಲ. ಈಗೇನು?"

20 ಯೂನಿಟ್ 30/70 ತೆಗೆದುಕೊಂಡಿದ್ದೀರಿ ಅನ್ನಿ. ಅದರಲ್ಲಿ 6 ಯೂನಿಟ್ ಬೇಗ ಕೆಲಸ ಮಾಡುವುದು. ಅರ್ಧ ಗಂಟೆಗೆ ಶುರುವಾಗಿ ಎರಡರಿಂದ ನಾಲ್ಕು ಗಂಟೆಯಲ್ಲಿ ಜೋರಾಗಿರುತ್ತದೆ. ಉಳಿದ 14 ಯೂನಿಟ್ ನಿಧಾನದ್ದು, ನಾಲ್ಕನೇ ಗಂಟೆಯಿಂದ ಹತ್ತನೇ ಗಂಟೆವರೆಗೂ ಜೋರು. ಅಂದರೆ ಒಂದು ಲೋಟ ಜ್ಯೂಸ್ ಕುಡಿದು "ಅಬ್ಬ, ಪಾರಾದೆ" ಅನ್ನುವ ಹಾಗಿಲ್ಲ. ತಕ್ಷಣ ಏನಾದರೂ ತಿನ್ನಿ: ನಾಲ್ಕು ಬಿಸ್ಕತ್ತು, ಎರಡು ಬಾಳೆಹಣ್ಣು, ಒಂದು ಬನ್. ಸರಿಯಾದ ಊಟ ಸಿಗುವವರೆಗೆ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ತಿನ್ನುತ್ತಾ, ಮೀಟರ್ ನೋಡುತ್ತಾ ಇರಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.

ಕೈ ನಡುಗಿ, ಬೆವತು, ತಲೆ ಧಿಮ್ ಎಂದರೆ ಅಥವಾ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಏರಿದ ಮೇಲೆ ಊಟ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.

"ಬೆಳಿಗ್ಗೆ ತಿಂಡಿ ಬಿಟ್ರೆ ಇನ್ಸುಲಿನ್ನೂ ಬಿಡಬಹುದಾ? ಅರ್ಧ ತಗೋಬಹುದಾ?"

ಇದು ಯಾವ ಇನ್ಸುಲಿನ್ ಎನ್ನುವುದರ ಮೇಲೆ ನಿಂತಿದೆ. ಪಕ್ಕದ ಮನೆಯವರ ಉತ್ತರ ನಿಮಗೆ ಹೊಂದದಿರುವುದು ಇದಕ್ಕೇ.

ಊಟಕ್ಕೆಂದೇ ಬೇರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸುಲಭ: ಊಟವಿಲ್ಲ ಅಂದರೆ ಆ ಇಂಜೆಕ್ಷನ್ ಇಲ್ಲ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಉದ್ದ ಅವಧಿಯದ್ದು ಊಟಕ್ಕಲ್ಲ, ಮೈಯ ಹಿನ್ನೆಲೆಯ ಅಗತ್ಯಕ್ಕೆ. ಒಂದು ಹೊತ್ತು ಊಟ ತಪ್ಪಿತೆಂದು ಅದನ್ನು ಬಿಡಬಾರದು. ಮೈಯಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಟೈಪ್ 1 ಶುಗರ್ ಇರುವವರು ಬಿಟ್ಟರೆ ಒಂದೆರಡು ದಿನದೊಳಗೆ ಆಸ್ಪತ್ರೆ ಸೇರುವ ಹಾಗಾಗಬಹುದು.

30/70ರಲ್ಲಿ ಎರಡೂ ಒಂದೇ ಬಾಟಲಿಯಲ್ಲಿ ಬೆರೆತಿವೆ, ಒಂದನ್ನು ಬಿಟ್ಟು ಒಂದನ್ನು ತೆಗೆದುಕೊಳ್ಳಲಾಗದು. ಹಾಗಾಗಿ ನನ್ನ ನಿಯಮ: ತಿಂಡಿ ತಡವಾದರೆ ಇಂಜೆಕ್ಷನ್ನೂ ಅಷ್ಟೇ ತಡ. ತಟ್ಟೆ ಇನ್ನು ಅರ್ಧ ಗಂಟೆಗೆ ಎದುರಿಗೆ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಚುಚ್ಚಿಕೊಳ್ಳಿ. ತಿಂಡಿಯೇ ಇಲ್ಲ, ಮಧ್ಯಾಹ್ನವೇ ಊಟ ಎಂಬ ದಿನಕ್ಕೆ ಎಷ್ಟು ಯೂನಿಟ್ ಎಂದು ಡಾಕ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ಅಂದಾಜಿನ "ಅರ್ಧ" ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಬೆಳಗಿನದು ತಪ್ಪಿತೆಂದು ಅದನ್ನು ರಾತ್ರಿಯದಕ್ಕೆ ಸೇರಿಸಬೇಡಿ, ಅದು ಮಲಗಿದಾಗ ಶುಗರ್ ಬೀಳಿಸುತ್ತದೆ.

"ಏಕಾದಶಿ ದಿನ ಉಪವಾಸ. ಇನ್ಸುಲಿನ್ ಬೇಡ ಅಲ್ವಾ?"

ಯಾವ ಉಪವಾಸ ಎಂದು ಮೊದಲು ಹೇಳಿ. ಬೆಳಿಗ್ಗೆ ಮೊಸರವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ಕಿಚಡಿ, ಸಂಜೆ ಬಾಳೆಹಣ್ಣು ಹಾಲು ಆದರೆ ಅನ್ನ ಬಿಟ್ಟಿದ್ದೀರಿ ಅಷ್ಟೇ, ಸಕ್ಕರೆ ಬಿಟ್ಟಿಲ್ಲ. ಸಬ್ಬಕ್ಕಿ ಬಹುತೇಕ ಬರೀ ಪಿಷ್ಟ. ಇನ್ಸುಲಿನ್ ಬಿಟ್ಟು ಇದನ್ನು ತಿಂದು ದ್ವಾದಶಿ ಬೆಳಿಗ್ಗೆ 350 ಬಂದವರು ಇದ್ದಾರೆ. ನೀರೂ ಕುಡಿಯದ ಉಪವಾಸ 30/70 ತೆಗೆದುಕೊಳ್ಳುವವರಿಗೆ ಹೊಂದುವುದಿಲ್ಲ. ಮಾಡಲೇಬೇಕು ಎನ್ನುವವರು ಹಿಂದಿನ ವಾರವೇ ಬಂದರೆ ಡಾಕ್ಟರ್ ಆ ದಿನಕ್ಕೆ ಬೇರೆ ವ್ಯವಸ್ಥೆ ಮಾಡಿಕೊಡುತ್ತಾರೆ.

ರಂಜಾನ್‌ಗೆ ಕ್ರಮ ಹೆಚ್ಚು ಸ್ಪಷ್ಟವಾಗಿದೆ, ತಿಂಗಳಿಡೀ ನಡೆಯುವುದರಿಂದ ಅದರ ಬಗ್ಗೆ ಕೆಲಸವೂ ಹೆಚ್ಚಾಗಿದೆ. ಸಾಮಾನ್ಯವಾಗಿ ಬೆಳಗಿನ ಡೋಸನ್ನು ಇಫ್ತಾರ್‌ಗೆ ತಂದು, ರಾತ್ರಿಯ ಡೋಸನ್ನು ಕಾಲು ಭಾಗದಿಂದ ಅರ್ಧದವರೆಗೆ ಇಳಿಸಿ ಬೆಳಗಿನ ಜಾವದ ಸಹರಿಗೆ ಕೊಡುತ್ತಾರೆ. ನಿಮ್ಮ ಅಂಕಿ ನಿಮ್ಮ ಡಾಕ್ಟರ್ ಹೇಳಿದ್ದು. ಯಾವ ಉಪವಾಸವೇ ಆಗಲಿ, ಮೀಟರ್ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ತೋರಿಸಿದರೆ ಆ ದಿನದ ಉಪವಾಸ ಅಲ್ಲಿಗೆ ಮುಗಿಸಿ.

"ಜ್ವರ, ವಾಂತಿ. ಏನೂ ತಿಂತಿಲ್ಲ. ಹಾಗಾದ್ರೆ ನಿಲ್ಲಿಸ್ಬೇಕಲ್ವಾ?"

ಪೂರ್ತಿ ನಿಲ್ಲಿಸಬೇಡಿ. ಕಾಯಿಲೆಯಲ್ಲಿ ಏನೂ ತಿನ್ನದಿದ್ದರೂ ಸಕ್ಕರೆ ಏರುವುದೇ ಹೆಚ್ಚು. ನಾಲ್ಕು ಗಂಟೆಗೊಮ್ಮೆ ನೋಡಿ, ಗಂಜಿಯೋ ಎಳನೀರೋ ಗುಟುಕು ಗುಟುಕಾಗಿ ಕುಡಿಯಿರಿ, ಅಂಕಿ ಕೈಯಲ್ಲಿಟ್ಟುಕೊಂಡು ಡಾಕ್ಟರ್‌ಗೆ ಫೋನ್ ಮಾಡಿ. ಏನೂ ಒಳಗೆ ನಿಲ್ಲದಿದ್ದರೆ, ಉಸಿರು ಜೋರಾದರೆ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ.

## ಮೂರೂ ಸೇರಿದಾಗ

"ಗಂಟು ಬಿಟ್ಟು ಬೇರೆ ಕಡೆ ಹಾಕ್ಕೊಳ್ಳಿ ಅಂದ್ರಿ. ಹಾಕ್ಕೊಂಡೆ, ಶುಗರ್ ಬಿದ್ದು ಹೋಯ್ತು. ಯಾಕೆ?"

ಇದನ್ನು ಕೇಳಿದವರು ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವ ಒಬ್ಬ ಅಕ್ಕ, 52 ವಯಸ್ಸು. ಗಂಟಿನ ವಿಷಯ ನಾನು ಫೋನಿನಲ್ಲಿ ಹೇಳಿದ್ದೆ, ಡೋಸಿನ ವಿಷಯ ಹೇಳಿರಲಿಲ್ಲ. ತಪ್ಪು ನನ್ನದು. ಮಾರನೇ ದಿನ ಬಂದಾಗ ಎಲ್ಲ ಕೂತು ಬಿಡಿಸಿದೆವು.

ಎಂಟು ತಿಂಗಳ ಹಿಂದೆ ಅವರ ಡೋಸ್ ಬೆಳಿಗ್ಗೆ 22, ರಾತ್ರಿ 14. ಶುಗರ್ ಇಳಿಯುತ್ತಿಲ್ಲವೆಂದು ಸ್ವಲ್ಪ ಸ್ವಲ್ಪವೇ ಏರಿ 34 ಮತ್ತು 20ಕ್ಕೆ ಬಂದಿತ್ತು. ಆದರೂ ಬೆಳಗಿನ ಅಂಕಿ 240, ನಡುನಡುವೆ ಒಂದು ದಿನ 62. ಮೊದಲು ಬಾಟಲಿ ಕೆಟ್ಟಿದೆ ಅಂದುಕೊಂಡೆ. "ಎಲ್ಲಿಡ್ತೀರಿ?" ಅಂದರೆ, "ಸೇವಂತಿಗೆ ಬುಟ್ಟೀಲಿ, ಒದ್ದೆ ಗೋಣಿ ಕೆಳಗೆ." ನಮ್ಮ ಮಡಕೆಗಿಂತ ಒಳ್ಳೆಯ ಜಾಗ ಅದು. ದಿನವಿಡೀ ನೀರು ಚಿಮುಕಿಸುತ್ತಾರೆ, ಗಾಳಿಯೂ ಇದೆ. ಉರುಳಿಸಿ ನೋಡಿದೆ, ಬಾಟಲಿ ಸರಿಯಾಗಿತ್ತು.

ಹೊಟ್ಟೆ ನೋಡಿದೆ. ಹೊಕ್ಕುಳ ಬಲಗಡೆ ಅರ್ಧ ನಿಂಬೆಹಣ್ಣಿನಷ್ಟು ಗಂಟು. ಬೆಳಗಿನ ಜಾವ ಮೂರೂವರೆಗೆ ಕತ್ತಲಲ್ಲಿ ಸೀರೆ ಸರಿಸಿ ಸಿಕ್ಕ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಿದ್ದರು, ರಾತ್ರಿಯೂ ಅಲ್ಲಿಗೇ. ಎಂಟು ತಿಂಗಳಲ್ಲಿ ಏರಿದ ಬಹುಪಾಲು ಯೂನಿಟ್ ಗಂಟಿಗೆ ಕೊಟ್ಟ ಕಂದಾಯ. 34 ಯೂನಿಟ್ ಒಳ್ಳೆಯ ಚರ್ಮಕ್ಕೆ ಹೋದ ದಿನ ಪೂರ್ತಿ 34 ಕೆಲಸ ಮಾಡಿತು. ಅದರ ಮೇಲೆ ಚುಚ್ಚು ಮೂರೂವರೆಗೆ, ತಿಂಡಿ ಒಂಬತ್ತಕ್ಕೆ. ಬೇಗ ಕೆಲಸ ಮಾಡುವ ಹತ್ತು ಯೂನಿಟ್ ಖಾಲಿ ಹೊಟ್ಟೆಯಲ್ಲೇ ಜೋರು ಮಾಡಿ ಮುಗಿಸಿತ್ತು, ನಿಧಾನದ 24 ಅದರ ಬೆನ್ನಿಗೇ ಬಂತು. ಏಳು ಗಂಟೆಗೆ ಹೂವಿನ ರಾಶಿ ಮೇಲೆ ಕುಸಿದರು. ಪಕ್ಕದ ಟೀ ಅಂಗಡಿಯವರು ಸಕ್ಕರೆ ನೀರು ಕೊಟ್ಟರು.

ಡಾಕ್ಟರ್ ಐದರಲ್ಲಿ ಒಂದು ಪಾಲು ಇಳಿಸಿದರು: ಬೆಳಿಗ್ಗೆ 27, ರಾತ್ರಿ 16. ಬೆಳಗಿನದು ಹೊಟ್ಟೆಯ ಎಡಗಡೆ, ರಾತ್ರಿಯದು ತೊಡೆ. ಇಂಜೆಕ್ಷನ್ ಮನೆಯಲ್ಲಲ್ಲ, ಮಾರ್ಕೆಟ್‌ನಲ್ಲಿ ಏಳಕ್ಕೆ, ಏಳೂವರೆಗೆ ಇಡ್ಲಿ. ಒಂದು ವಾರ ದಿನಕ್ಕೆ ಮೂರು ಸಲ ಮೀಟರ್: ಎದ್ದ ಕೂಡಲೇ, ಮಧ್ಯಾಹ್ನ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ. ಎದ್ದ ಕೂಡಲೇ ಅಂದರೆ ಅವರಿಗೆ ಮೂರು ಗಂಟೆ, ಬೇರೆಯವರಾದರೆ ಮಲಗಿದಾಗ ಶುಗರ್ ಬೀಳುತ್ತಿದೆಯೇ ಎಂದು ಆ ಹೊತ್ತಿಗೆ ನೋಡಲು ಅಲಾರಂ ಇಟ್ಟು ಏಳಬೇಕಾಗಿತ್ತು. ನಾಲ್ಕನೇ ದಿನ ಮಧ್ಯಾಹ್ನ 78 ಬಂತು, ಬೆಳಗಿನದನ್ನು 24ಕ್ಕೆ ಇಳಿಸಿದರು. ಎರಡು ವಾರದ ಹೊತ್ತಿಗೆ ರಾತ್ರಿಯದೂ 14ಕ್ಕೆ ಬಂತು, ಎದ್ದಾಗಿನ ಅಂಕಿ 130ರಿಂದ 150ರ ಒಳಗೆ ನಿಂತಿತು.

ಇಷ್ಟೇ ಇಳಿಸಿ ಎಂದು ನಾನು ಇಲ್ಲಿ ಬರೆಯಲಾರೆ. ಗಂಟು ದೊಡ್ಡದಿದ್ದಷ್ಟು, ಅದಕ್ಕೆ ಹೋಗುತ್ತಿದ್ದ ಡೋಸ್ ದೊಡ್ಡದಿದ್ದಷ್ಟು ಇಳಿಕೆಯೂ ಹೆಚ್ಚು ಬೇಕಾಗಬಹುದು. ಜಾಗ ಬದಲಿಸುವ ದಿನವೇ ಡಾಕ್ಟರ್ ಹತ್ತಿರ ಹೊಸ ಅಂಕಿ ಕೇಳಿಕೊಳ್ಳಿ. ಗಂಟಿಗೆ ಮುಲಾಮು, ಮಸಾಜು ಬೇಡ, ಚುಚ್ಚದೆ ಬಿಟ್ಟರೆ ತಿಂಗಳುಗಳಲ್ಲಿ ತಾನೇ ಇಳಿಯುತ್ತದೆ. ಈ ಅಕ್ಕನದು ಮೆತ್ತಗಾಗಲು ಐದು ತಿಂಗಳು ಹಿಡಿಯಿತು. ಈಗಲೂ ಬಂದಾಗಲೆಲ್ಲ ಅಲ್ಲಿ ಕೈಯಿಟ್ಟು ನೋಡುತ್ತೇನೆ, ಅವರು ನನ್ನ ಮೇಜಿನ ಮೇಲೆ ಒಂದು ಮೊಳ ಕನಕಾಂಬರ ಇಟ್ಟು ಹೋಗುತ್ತಾರೆ.